ಬ್ಲ್ಯಾಕ್ ಕಾಫಿ, ತಣ್ಣೀರು ಸ್ನಾನದಿಂದ ಅಮಲು ಇಳಿಯುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ರಾಂಗ್ ಬ್ಲ್ಯಾಕ್ ಕಾಫಿ ಕುಡಿದರೆ ಏರಿದ್ದು ಇಳಿಯುತ್ತದೆಯೇ?

ಇಳಿಯುವುದಿಲ್ಲ. ಇಳಿಯುವುದು ನಿದ್ದೆ ಮಾತ್ರ. ರಕ್ತದಲ್ಲಿರುವ ಮದ್ಯಸಾರ ಕಾಫಿಗೆ ಮುಂಚೆ ಎಷ್ಟಿತ್ತೋ ಕಾಫಿಯ ನಂತರವೂ ಅಷ್ಟೇ ಇರುತ್ತದೆ. ಕಾಫಿ ಕಾಯಿಸಿ, ಆರಿಸಿ, ಕುಡಿಯಲು ಹಿಡಿದ ಅರ್ಧ ಗಂಟೆಯಲ್ಲಿ ಲಿವರ್ ತನ್ನ ಪಾಡಿಗೆ ಸುಟ್ಟುಹಾಕಿದ ಅಷ್ಟಿಷ್ಟು ಮಾತ್ರ ಕಡಿಮೆಯಾಗಿರುತ್ತದೆ. ಅದು ಬಿಸಿನೀರು ಕುಡಿದಿದ್ದರೂ ಆಗುತ್ತಿತ್ತು, ಏನೂ ಕುಡಿಯದಿದ್ದರೂ ಆಗುತ್ತಿತ್ತು.

ಹಾಗಾದರೆ ಕಾಫಿ ಕುಡಿದ ಮೇಲೆ ತಲೆ ತಿಳಿಯಾದ ಹಾಗೆ ಅನಿಸುವುದು ಏಕೆ?

ಆ ಅನಿಸಿಕೆ ಸುಳ್ಳಲ್ಲ, ಆದರೆ ಅದು ಅಮಲಿನ ಒಂದು ತುಂಡಿಗೆ ಮಾತ್ರ ಸಂಬಂಧಿಸಿದ್ದು. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚಾದಂತೆ ತೂಕಡಿಕೆ ಬರುತ್ತದೆ. ಮದ್ಯ ಇದನ್ನು ಹೆಚ್ಚಿಸುತ್ತದೆ. ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ಮೊದಲೇ ಕುಳಿತುಬಿಡುತ್ತದೆ, ಹಾಗಾಗಿ ತೂಕಡಿಕೆಯ ಸಂದೇಶ ಮಿದುಳಿಗೆ ಮುಟ್ಟುವುದಿಲ್ಲ. ಕಣ್ಣು ತೆರೆದುಕೊಳ್ಳುತ್ತದೆ, ಮಾತು ಚುರುಕಾಗುತ್ತದೆ.

ಆದರೆ ಮದ್ಯ ಕೆಲಸ ಮಾಡುವ ಬಾಗಿಲು ಅದೊಂದೇ ಅಲ್ಲ. ಮಿದುಳಿನ ಬ್ರೇಕಿನಂತಿರುವ ಗಾಬಾ ವ್ಯವಸ್ಥೆಯನ್ನು ಅದು ಬಲಗೊಳಿಸುತ್ತದೆ, ಹೊಸದನ್ನು ನೆನಪಿಡಲು ಬೇಕಾದ ಗ್ಲುಟಮೇಟ್ ವ್ಯವಸ್ಥೆಯನ್ನು ತಗ್ಗಿಸುತ್ತದೆ. ಅಂದಾಜು ತಪ್ಪುವುದು, ಕೈಕಾಲಿನ ಹೊಂದಾಣಿಕೆ ಕೆಡುವುದು, ಎದುರು ಬರುವ ಲಾರಿ ಎಷ್ಟು ದೂರದಲ್ಲಿದೆ ಎಂದು ಗೊತ್ತಾಗದಿರುವುದು, ಇವೆಲ್ಲ ಆ ಬಾಗಿಲುಗಳಿಂದ ಬಂದದ್ದು. ಅಲ್ಲಿ ಕಾಫಿಗೆ ಪ್ರವೇಶವಿಲ್ಲ.

2009ರಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಗೂಡಿನ ಒಂದು ಕಡೆ ಹೋದರೆ ಜೋರು ಸದ್ದು, ಕಣ್ಣು ಕುಕ್ಕುವ ಬೆಳಕು. ಸಾಧಾರಣ ಇಲಿ ಆ ಕಡೆ ಹೋಗಬಾರದೆಂದು ಬೇಗ ಕಲಿಯುತ್ತದೆ. ಮದ್ಯ ಕೊಟ್ಟ ಇಲಿ ಕಲಿಯಲಿಲ್ಲ. ಮದ್ಯದ ಜೊತೆ ಕೆಫೀನ್ ಕೊಟ್ಟ ಇಲಿ ಹೆಚ್ಚು ಎಚ್ಚರವಾಗಿ ಓಡಾಡಿತು, ಆದರೆ ಅದೂ ಕಲಿಯಲಿಲ್ಲ.

ನಮ್ಮ ದೃಷ್ಟಿಯಲ್ಲಿ ಕಾಫಿಯ ಅಪಾಯ ಇಲ್ಲೇ ಇದೆ. ತೂಗಿ ತೂಗಿ ಬೀಳುತ್ತಿದ್ದವನು ಕೀಲಿಕೈ ಕೇಳುವುದಿಲ್ಲ. ಕಾಫಿ ಕುಡಿದು ಎದ್ದು ಕೂತವನು ಕೇಳುತ್ತಾನೆ. ಈ ಕಾರಣಕ್ಕೇ 2010ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೆಫೀನ್ ಬೆರೆಸಿದ ಮದ್ಯ ತಯಾರಿಸುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಕಳಿಸಿತು. ರಮ್ಮಿಗೆ ಎನರ್ಜಿ ಡ್ರಿಂಕ್ ಬೆರೆಸಿಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಸಾಕು ಎಂದು ಮೈ ಹೇಳುವ ಸೂಚನೆ ಕೇಳಿಸದೆ ಇನ್ನೂ ಎರಡು ಪೆಗ್ ಒಳಗೆ ಹೋಗಿರುತ್ತದೆ.

ತಣ್ಣೀರು ಸ್ನಾನ? ತಲೆಗೆ ಒಂದು ಬಕೆಟ್ ನೀರು ಸುರಿದರೆ?

ತಣ್ಣೀರು ಬಿದ್ದೊಡನೆ ಉಸಿರು ಗಕ್ಕನೆ ಎಳೆದುಕೊಳ್ಳುತ್ತದೆ, ಎದೆ ಬಡಿತ ಏರುತ್ತದೆ, ಒಂದಿಷ್ಟು ಹೊತ್ತು ಎಚ್ಚರ ಬರುತ್ತದೆ. ಮದ್ಯವಿರುವುದು ರಕ್ತದಲ್ಲಿ, ಮಿದುಳಿನಲ್ಲಿ, ಮಾಂಸಖಂಡದಲ್ಲಿ. ಚರ್ಮದ ಮೇಲೆ ಸುರಿದ ನೀರು ಅದನ್ನು ತೊಳೆಯಲಾರದು.

ಕಾಫಿಗಿಂತ ಇದು ಕೆಟ್ಟದ್ದು. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುವುದರಿಂದ ಮೈ ಬೆಚ್ಚಗೆನಿಸಿದರೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಜೊತೆಗೆ ನಡುಗಿ ಶಾಖ ಉಳಿಸಿಕೊಳ್ಳುವ ಶಕ್ತಿಯೂ ಕುಗ್ಗಿರುತ್ತದೆ. ಹೀಗಿರುವಾಗ ತಣ್ಣೀರು ಹಾಕಿದರೆ ದೇಹದ ಉಷ್ಣತೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಡಿಸೆಂಬರಿನ ಮಡಿಕೇರಿ ಚಳಿಯಲ್ಲಂತೂ ಇದು ಬೇಗ ಆಗುತ್ತದೆ. ಬಚ್ಚಲಿನ ಒದ್ದೆ ನೆಲದಲ್ಲಿ ಕಾಲು ಜಾರಿ ತಲೆಗೆ ಪೆಟ್ಟು ಬೀಳುವ ಸಾಧ್ಯತೆ ಬೇರೆ. ಅರೆಪ್ರಜ್ಞೆಯಲ್ಲಿರುವವರ ಮುಖದ ಮೇಲೆ ನೀರು ಸುರಿದರೆ ಅದು ಶ್ವಾಸನಾಳಕ್ಕೂ ಹೋಗಬಹುದು. ಒದ್ದೆ ಟವೆಲಿನಿಂದ ಮುಖ ಒರೆಸಿ, ಅಷ್ಟು ಸಾಕು.

ಮಜ್ಜಿಗೆ, ನಿಂಬೆರಸ, ಉಪ್ಪಿನಕಾಯಿ, ಎಳನೀರು?

ಯಾವುದೂ ಮದ್ಯವನ್ನು ಒಡೆಯುವುದಿಲ್ಲ. ಮಜ್ಜಿಗೆ, ಎಳನೀರಿನಿಂದ ಬಾಯಾರಿಕೆ ತೀರುತ್ತದೆ, ಮೂತ್ರದಲ್ಲಿ ಹೋದ ಲವಣ ಸ್ವಲ್ಪ ವಾಪಸ್ ಬರುತ್ತದೆ. ಮರುದಿನದ ತಲೆನೋವಿಗೆ ಅದರಿಂದ ಒಂದಿಷ್ಟು ಆರಾಮ ಸಿಗಬಹುದು. ಹುಳಿ ತಿಂದಾಗ ಮುಖ ಕಿವುಚಿ ಎಚ್ಚರವಾಗುತ್ತದೆ, ಅಷ್ಟೇ.

ನೀರು ಹೆಚ್ಚು ಕುಡಿದರೆ ರಕ್ತದ ಮದ್ಯ ತೆಳುವಾಗಬೇಕಲ್ಲವೇ?

ಲೆಕ್ಕ ಹಾಕಿ ನೋಡಿ. 70 ಕಿಲೊ ತೂಕದ ಗಂಡಸಿನ ದೇಹದಲ್ಲಿ ಸುಮಾರು 40 ಲೀಟರ್ ನೀರಿರುತ್ತದೆ. ಮದ್ಯ ಆ ಪೂರ್ತಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ಒಂದು ಲೀಟರ್ ಕುಡಿದರೆ 40 ಇದ್ದದ್ದು 41 ಆಯಿತು. 100 ಇದ್ದ ಮಟ್ಟ 97 ಅಥವಾ 98ಕ್ಕೆ ಬಂತು. ಆ ಹೆಚ್ಚುವರಿ ನೀರನ್ನೂ ಮೂತ್ರಪಿಂಡ ಒಂದೆರಡು ಗಂಟೆಯಲ್ಲಿ ಹೊರಹಾಕುತ್ತದೆ. ಪೆಗ್ಗುಗಳ ನಡುವೆ ನೀರು ಕುಡಿಯುವುದು ಒಳ್ಳೆಯದೇ, ಏಕೆಂದರೆ ಆಗ ಮುಂದಿನ ಪೆಗ್ ತಡವಾಗುತ್ತದೆ. ಕುಡಿದು ಮುಗಿದ ಮೇಲೆ ಅದರಿಂದ ಮಟ್ಟ ಇಳಿಯದು.

ವಾಂತಿ ಮಾಡಿಸಿದರೆ?

ಜಠರದಲ್ಲಿ ಇನ್ನೂ ಉಳಿದಿರುವುದು ಮಾತ್ರ ಹೊರಬರುತ್ತದೆ. ರಕ್ತಕ್ಕೆ ಸೇರಿದ್ದು ವಾಪಸ್ ಬರುವುದಿಲ್ಲ. ಕುಡಿದವರಿಗೆ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳುವ ಸಹಜ ಪ್ರತಿಕ್ರಿಯೆ ಮಂದವಾಗಿರುತ್ತದೆ, ಹಾಗಾಗಿ ವಾಂತಿ ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಬಹುದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡನ್ನೂ ಮಾಡಬೇಡಿ. ತಾನಾಗೇ ಬಂದರೆ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ ಹಿಡಿಯಿರಿ.

ಓಡಿ, ಬೆವರು ಸುರಿಸಿದರೆ?

ಬೆವರು, ಉಸಿರು, ಮೂತ್ರ ಮೂರೂ ಸೇರಿ ಹೊರಹಾಕುವುದು ಕುಡಿದದ್ದರಲ್ಲಿ ನೂರಕ್ಕೆ 2ರಿಂದ 10 ಪಾಲು ಮಾತ್ರ. ಅದರಲ್ಲಿ ಬೆವರಿನ ಪಾಲು ಇನ್ನೂ ಸಣ್ಣದು. ಜಾಗಿಂಗ್ ಮಾಡಿದರೂ ಸೌನಾದಲ್ಲಿ ಕೂತರೂ ಗಡಿಯಾರದ ಮುಳ್ಳು ಮುಂದೋಡುವುದಿಲ್ಲ.

ಹಾಗಾದರೆ ಮದ್ಯವನ್ನು ನಿಜವಾಗಿ ಇಳಿಸುವುದು ಯಾವುದು?

ಲಿವರ್ ಮತ್ತು ಸಮಯ. ಕುಡಿದದ್ದರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲನ್ನು ಲಿವರ್ ಒಡೆಯುತ್ತದೆ. ಆಲ್ಕೊಹಾಲ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಮೊದಲು ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಮಾಡುತ್ತದೆ. ಕೊನೆಗೆ ಅದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ.

ಇದನ್ನು ಆತುರಪಡಿಸಲಾಗದ ಕಾರಣ ಮೊದಲ ಹಂತದಲ್ಲಿದೆ. ಒಂದು ಪೆಗ್ಗಿನಷ್ಟು ಒಳಗೆ ಹೋದರೇ ಆ ಕಿಣ್ವದ ಕೈ ತುಂಬಿಬಿಡುತ್ತದೆ. ಒಂದೇ ಕೌಂಟರ್ ಇರುವ ಪಡಿತರ ಅಂಗಡಿಯನ್ನು ನೆನೆಸಿಕೊಳ್ಳಿ: ಸಾಲಿನಲ್ಲಿ ಹತ್ತು ಜನ ನಿಂತಿದ್ದರೂ ನೂರು ಜನ ನಿಂತಿದ್ದರೂ ಗಂಟೆಗೆ ಅಕ್ಕಿ ಸಿಗುವುದು ಅಷ್ಟೇ ಜನಕ್ಕೆ. ಬಹುತೇಕ ಔಷಧಗಳು ರಕ್ತದಲ್ಲಿ ಹೆಚ್ಚಿದ್ದಾಗ ವೇಗವಾಗಿ, ಕಡಿಮೆಯಾದಾಗ ನಿಧಾನವಾಗಿ ಇಳಿಯುತ್ತವೆ. ಮದ್ಯ ಹಾಗಲ್ಲ, ಬಹುಪಾಲು ಹೊತ್ತು ಒಂದೇ ಗತಿಯಲ್ಲಿ ಇಳಿಯುತ್ತದೆ.

ಆ ಗತಿ ಹೆಚ್ಚಿನವರಲ್ಲಿ 100 ಮಿಲಿ ರಕ್ತಕ್ಕೆ ಗಂಟೆಗೆ 10ರಿಂದ 20 ಮಿಲಿಗ್ರಾಂ. ಲೆಕ್ಕಕ್ಕೆ 15 ಎಂದು ಇಟ್ಟುಕೊಳ್ಳುತ್ತಾರೆ. ದಿನವೂ ಕುಡಿಯುವವರಲ್ಲಿ ಇನ್ನೊಂದು ಕಿಣ್ವ ವ್ಯವಸ್ಥೆ ಚುರುಕಾಗಿ ಗತಿ 20 ದಾಟಬಹುದು. ಲಿವರ್ ಹಾಳಾದ ಮೇಲೆ ಅದೂ ಕುಸಿಯುತ್ತದೆ.

ನನ್ನ ಲೆಕ್ಕ ನಾನೇ ಹಾಕಿಕೊಳ್ಳುವುದು ಹೇಗೆ?

ಮೊದಲು ಎಷ್ಟು ಗ್ರಾಂ ಮದ್ಯಸಾರ ಎಂದು ತಿಳಿಯಬೇಕು. ಬಾಟಲಿಯ ಮಿಲಿ ಅಳತೆಯನ್ನು ಲೇಬಲ್ಲಿನ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ, ಬಂದದ್ದನ್ನು 0.789ರಿಂದ ಗುಣಿಸಿ. ಇಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ. 42.8. ಆದ್ದರಿಂದ 30 ಮಿಲಿಯ ಸಣ್ಣ ಪೆಗ್ಗಿನಲ್ಲಿ 10 ಗ್ರಾಂ, ನೈಂಟಿಯಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ ಸುಮಾರು 61 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ. ಅಂದರೆ ‘ಬರೀ ಒಂದು ಬಿಯರ್’ ಎಂದರೆ ನಾಲ್ಕು ಸಣ್ಣ ಪೆಗ್. ಇದನ್ನು ನಂಬದವರೇ ಹೆಚ್ಚು, ದಯವಿಟ್ಟು ಲೇಬಲ್ ಓದಿ ನೀವೇ ಗುಣಿಸಿ ನೋಡಿ.

ಆಮೇಲೆ ಸ್ವೀಡನ್ನಿನ ವಿಡ್‌ಮಾರ್ಕ್ ಕೊಟ್ಟ ಸೂತ್ರ. ಗ್ರಾಂ ಸಂಖ್ಯೆಯನ್ನು ತೂಕದಿಂದಲೂ ಒಂದು ಗುಣಾಂಕದಿಂದಲೂ ಭಾಗಿಸಬೇಕು. ಗಂಡಸರಿಗೆ ಆ ಗುಣಾಂಕ ಸುಮಾರು 0.68, ಹೆಂಗಸರಿಗೆ 0.55. ಬಂದದ್ದನ್ನು 100ರಿಂದ ಗುಣಿಸಿದರೆ 100 ಮಿಲಿ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂಬ ಅಂದಾಜು ಸಿಗುತ್ತದೆ. ಅದರಿಂದ, ಕುಡಿಯಲು ಶುರುಮಾಡಿ ಕಳೆದ ಪ್ರತಿ ಗಂಟೆಗೂ 15 ಕಳೆಯಬೇಕು.

ಒಂದು ಉದಾಹರಣೆ ಕೊಡಿ.

ಮೈಸೂರಿನಲ್ಲಿ ಗೆಳೆಯನ ಆರತಕ್ಷತೆ. 70 ಕಿಲೊ ತೂಕದವರೊಬ್ಬರು ರಾತ್ರಿ 9ಕ್ಕೆ ಶುರುಮಾಡಿ 11ರ ಹೊತ್ತಿಗೆ ಒಂದು ಕ್ವಾರ್ಟರ್ ವಿಸ್ಕಿ ಮುಗಿಸಿದರು. ಬೆಳಗ್ಗೆ 5ಕ್ಕೆ ಕಾರು ತೆಗೆದು ಬೆಂಗಳೂರಿಗೆ ಹೊರಡಬೇಕು.

61 ಗ್ರಾಂ ಅನ್ನು 70ರಿಂದಲೂ 0.68ರಿಂದಲೂ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 128. ಹನ್ನೊಂದಕ್ಕೆ ಎರಡು ಗಂಟೆಯ 30 ಕಳೆದರೆ 98. ಒಂದು ಗಂಟೆಗೆ 68. ಮೂರಕ್ಕೆ 38. ಮೂರೂವರೆ ಹೊತ್ತಿಗೆ 30. ಪೂರ್ತಿ ಸೊನ್ನೆಯಾಗುವುದು ಐದೂವರೆಗೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಹಾಗಾದರೆ ಐದಕ್ಕೆ ಹೊರಡಬಹುದಲ್ಲ ಎನ್ನಿಸುತ್ತದೆ.

ಆದರೆ ಈ ಲೆಕ್ಕ ಸರಾಸರಿಯವರದ್ದು. ಅವರ ಲಿವರ್ ಗಂಟೆಗೆ 10ರ ಗತಿಯದ್ದಾಗಿದ್ದರೆ ಐದು ಗಂಟೆಗೆ ಇನ್ನೂ 48 ಇರುತ್ತದೆ, ಮಿತಿಯ ಒಂದೂವರೆ ಪಟ್ಟು. ಮಿತಿಯ ಒಳಗೆ ಬರಲು ಬೆಳಗ್ಗೆ ಸುಮಾರು 7, ಸೊನ್ನೆಯಾಗಲು 10 ಗಂಟೆ ಹತ್ತಿರ. ತಮ್ಮ ಗತಿ ಯಾವುದೆಂದು ಯಾರಿಗೂ ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಗಾಡಿ ಓಡಿಸುವ ನಿರ್ಧಾರಕ್ಕೆ 10ರ ಲೆಕ್ಕವನ್ನೇ ಹಿಡಿಯಿರಿ, ಅದರಲ್ಲೂ 30ಕ್ಕಲ್ಲ, ಸೊನ್ನೆಗೆ.

ಅದೇ ವ್ಯಕ್ತಿ ಕ್ವಾರ್ಟರ್ ಜೊತೆ ಒಂದು ಸ್ಟ್ರಾಂಗ್ ಬಿಯರನ್ನೂ ಕುಡಿದಿದ್ದರೆ ಮೊದಲ ಸಂಖ್ಯೆ 214 ಆಗುತ್ತದೆ. ಸರಾಸರಿ ಗತಿಯಲ್ಲೇ ಮಿತಿಗೆ ಬರುವುದು ಬೆಳಗ್ಗೆ 9 ದಾಟಿದ ಮೇಲೆ. ನಡುವೆ ನಿದ್ದೆ ಮಾಡಿ, ಸ್ನಾನ ಮಾಡಿ, ಇಡ್ಲಿ ತಿಂದು, ಎರಡು ಲೋಟ ಫಿಲ್ಟರ್ ಕಾಫಿ ಕುಡಿದಿದ್ದರೂ ಲೆಕ್ಕ ಅದೇ.

ಇನ್ನೊಂದು: 55 ಕಿಲೊ ತೂಕದ ಹೆಂಗಸಿಗೆ ಒಂದು ನೈಂಟಿಯಿಂದಲೇ ಮಟ್ಟ 100ರ ಹತ್ತಿರ ಹೋಗುತ್ತದೆ. ಗಂಡಸರ ಸಮಕ್ಕೆ ಕುಡಿದು ತಡೆದುಕೊಳ್ಳಬಲ್ಲೆ ಎನ್ನುವುದು ಇಲ್ಲಿ ನಡೆಯುವುದಿಲ್ಲ. ದೇಹದಲ್ಲಿ ನೀರಿನ ಪಾಲು ಕಡಿಮೆ, ಹಾಗಾಗಿ ಅದೇ ಮದ್ಯ ಹೆಚ್ಚು ಗಟ್ಟಿಯಾಗಿರುತ್ತದೆ.

ಬೆಳಗ್ಗೆ ಎದ್ದಾಗ ಪೂರ್ತಿ ಸರಿಯಿದ್ದೇನೆ ಅನ್ನಿಸುತ್ತದೆ. ಅದನ್ನು ನಂಬಬಹುದೇ?

ನಂಬಬಾರದು. ಮಟ್ಟ ಏರುವಾಗ 60ರಲ್ಲಿ ತೂರಾಡಿದವರು ಇಳಿಯುವಾಗ ಅದೇ 60ರಲ್ಲಿ ‘ನಾನು ಸರಿಯಿದ್ದೇನೆ’ ಎನ್ನುತ್ತಾರೆ. ಒಂದೇ ರಾತ್ರಿಯಲ್ಲಿ ಮಿದುಳು ಮದ್ಯಕ್ಕೆ ಒಗ್ಗಿಕೊಳ್ಳುತ್ತದೆ. ಬ್ರಿಟಿಷ್ ವಿಜ್ಞಾನಿ ಎಡ್ವರ್ಡ್ ಮೆಲನ್‌ಬಿ 1919ರಲ್ಲೇ ಇದನ್ನು ಗುರುತಿಸಿದ್ದರು. ಒಗ್ಗಿಕೊಳ್ಳುವುದು ಅನಿಸಿಕೆಯಲ್ಲಿ ಹೆಚ್ಚು. ತಟ್ಟನೆ ಬ್ರೇಕ್ ಒತ್ತುವ ಸಾಮರ್ಥ್ಯ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಕಾಫಿ, ಸ್ನಾನ ‘ಕೆಲಸ ಮಾಡಿದವು’ ಎಂದು ಜನ ಆಣೆ ಮಾಡಿ ಹೇಳುವುದಕ್ಕೂ ಇದೇ ಮೂಲ ಇರಬೇಕು. ಅವು ಬರುವುದೇ ಮಟ್ಟ ಇಳಿಯುವ ಹೊತ್ತಿನಲ್ಲಿ.

ಊಟ ಮಾಡಿ ಕುಡಿದರೆ ಏರುವುದಿಲ್ಲ ಎನ್ನುತ್ತಾರೆ. ನಿಜವೇ?

ಅರ್ಧ ನಿಜ, ಮತ್ತು ಈ ಪಟ್ಟಿಯಲ್ಲಿ ಉಪಯೋಗಕ್ಕೆ ಬರುವ ಒಂದೇ ಮನೆಮಾತು ಇದು. ಮದ್ಯ ಜಠರದಲ್ಲಿ ನಿಧಾನವಾಗಿ, ಸಣ್ಣ ಕರುಳಿನಲ್ಲಿ ಬಹಳ ಬೇಗ ರಕ್ತ ಸೇರುತ್ತದೆ. ಹೊಟ್ಟೆಯಲ್ಲಿ ಮುದ್ದೆ, ಸಾರು, ಮಾಂಸ ಇದ್ದರೆ ಜಠರ ತನ್ನ ಬಾಗಿಲನ್ನು ತಡವಾಗಿ ತೆರೆಯುತ್ತದೆ. ಏರಿಕೆ ನಿಧಾನವಾಗಿ, ಶಿಖರ ತಗ್ಗಿನದಾಗಿ ಇರುತ್ತದೆ, ಒಂದಿಷ್ಟು ಮದ್ಯ ರಕ್ತಕ್ಕೆ ಬರುವ ಮೊದಲೇ ಒಡೆದೂ ಹೋಗುತ್ತದೆ. ಊಟ ಮೊದಲಾದರೆ ಮಾತ್ರ ಈ ಲಾಭ. ಕುಡಿದು ಮುಗಿಸಿ ರಾತ್ರಿ 12ಕ್ಕೆ ತಿಂದ ಬಿರಿಯಾನಿ, ಆಗಲೇ ರಕ್ತದಲ್ಲಿರುವುದನ್ನು ಹೀರಿಕೊಳ್ಳುವುದಿಲ್ಲ.

ಏಲಕ್ಕಿ, ಪಾನ್, ಮಿಂಟ್ ಹಾಕಿಕೊಂಡರೆ ಬ್ರೆತ್ ಅನಲೈಜರಿನಲ್ಲಿ ಸಿಗುವುದಿಲ್ಲವೇ?

ಯಂತ್ರ ಮೂಸುವುದಿಲ್ಲ, ಅಳೆಯುತ್ತದೆ. ಶ್ವಾಸಕೋಶದ ಆಳದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಬಹಳ ತೆಳುವಾದ ಪೊರೆ ಇದೆ, ಅದರ ಮೂಲಕ ಮದ್ಯ ಗಾಳಿಗೆ ಬರುತ್ತದೆ. ಸಾಮಾನ್ಯವಾಗಿ ಬಳಸುವ ಅನುಪಾತದಂತೆ 2,100 ಮಿಲಿ ಉಸಿರಿನಲ್ಲಿರುವಷ್ಟು ಮದ್ಯ 1 ಮಿಲಿ ರಕ್ತದಲ್ಲಿರುತ್ತದೆ. ಬಾಯಿಯ ವಾಸನೆಯನ್ನು ಏಲಕ್ಕಿ ಮುಚ್ಚಬಹುದು, ಶ್ವಾಸಕೋಶದ ಗಾಳಿಯನ್ನು ಮುಚ್ಚಲಾರದು. ತಮಾಷೆಯಲ್ಲ, ಮದ್ಯಸಾರವಿರುವ ಮೌತ್‌ವಾಶ್ ಬಳಸಿದರೆ ಬಾಯಿಯ ಮದ್ಯದಿಂದಾಗಿ ಸಂಖ್ಯೆ ಹೆಚ್ಚೇ ತೋರಿಸುತ್ತದೆ. ಅದು ಸುಮಾರು 15 ನಿಮಿಷದಲ್ಲಿ ಹೋಗುತ್ತದೆ. ಕುಡಿಯದೆ ಹೀಗೆ ಸಿಕ್ಕಿಬಿದ್ದರೆ ಅಷ್ಟು ಹೊತ್ತು ಬಿಟ್ಟು ಮತ್ತೆ ಪರೀಕ್ಷಿಸಲು ಕೇಳಿ. 2019ರ ತಿದ್ದುಪಡಿಯ ನಂತರ ಮೊದಲ ಬಾರಿ ಸಿಕ್ಕರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸಿದರೆ ಬೇಗ ಇಳಿಯುತ್ತದಂತೆ?

ಡ್ರಿಪ್ ಕೂಡ ಲಿವರಿನ ಗತಿಯನ್ನು ಹೆಚ್ಚಿಸುವುದಿಲ್ಲ. ನೀರಿನಂಶ ಕಡಿಮೆಯಾಗಿದ್ದರೆ, ರಕ್ತದ ಸಕ್ಕರೆ ಕುಸಿದಿದ್ದರೆ ವೈದ್ಯರು ಹಾಕುತ್ತಾರೆ. ಬಹಳ ಕಾಲದಿಂದ ಕುಡಿಯುವವರಿಗೆ ಇದರ ಜೊತೆ ಥಯಮಿನ್, ಅಂದರೆ ಬಿ1 ವಿಟಮಿನ್ ಕೂಡ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಮಿದುಳಿಗೆ ಹಾನಿಯಾಗಬಹುದು. ಹಾಗಾಗಿ ಮನೆಗೇ ಬಂದು ಬಾಟಲಿ ಹಾಕುವವರನ್ನು ಕರೆಯಬೇಡಿ.

ನಿಜವಾಗಿ ವೇಗ ಹೆಚ್ಚಿಸುವುದು ಡಯಾಲಿಸಿಸ್. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಮದ್ಯವನ್ನು ಸೋಸಿ ತೆಗೆಯಬಹುದು. ಜೀವಕ್ಕೆ ಅಪಾಯವಿರುವ ಕೆಲವೇ ಪ್ರಕರಣಗಳಲ್ಲಿ ಮಾತ್ರ ಇದನ್ನು ಮಾಡುತ್ತಾರೆ. ಇನ್ನೊಂದು ದಾರಿಯನ್ನು ಕೆನಡಾದ ಟೊರೊಂಟೊದ ಸಂಶೋಧಕರು 2020ರಲ್ಲಿ ತೋರಿಸಿದರು. ಐವರು ಸ್ವಯಂಸೇವಕರು ಯಂತ್ರವೊಂದರ ನೆರವಿನಿಂದ ಆಳವಾಗಿ, ವೇಗವಾಗಿ ಉಸಿರಾಡಿದಾಗ ಮದ್ಯ ಸುಮಾರು ಮೂರು ಪಟ್ಟು ಬೇಗ ಹೊರಹೋಯಿತು. ಸುಮ್ಮನೆ ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆಸುತ್ತು ಬಂದು ಬೀಳುತ್ತೀರಿ. ಆ ಯಂತ್ರ ಅದನ್ನು ಲೆಕ್ಕಕ್ಕೆ ತಕ್ಕಂತೆ ವಾಪಸ್ ಕೊಡುತ್ತದೆ. ಅದು ಇನ್ನೂ ಪ್ರಯೋಗದ ಹಂತದ ಮಾತು, ಮನೆಯಲ್ಲಿ ಅನುಕರಿಸುವಂಥದ್ದಲ್ಲ.

ಕುಡಿದು ಬಿದ್ದವರನ್ನು ಮಲಗಿಸಿ ಬಿಟ್ಟರೆ ಸಾಕೇ?

ಸಾಲದು. ಕೊನೆಯ ಪೆಗ್ ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಮಟ್ಟ ಏರುತ್ತಲೇ ಇರಬಹುದು. ಒಂದೇ ಉಸಿರಿಗೆ ಬಹಳ ಕುಡಿದವರು ಮಲಗಿದ ಮೇಲೆ ಇನ್ನೂ ಹದಗೆಡುವುದು ಹೀಗೆ.

ಹೆಗಲು ಅಲುಗಾಡಿಸಿ ಹೆಸರು ಹಿಡಿದು ಕರೆಯಿರಿ. ಕಣ್ಣು ಬಿಡದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಿದ್ದರೆ ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಬಿಡುವಿದ್ದರೆ, ತುಟಿ ನೀಲಿಯಾಗಿದ್ದರೆ, ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಾಟವನ್ನು ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ, ಅಂದಾಜು ಬೇಡ.

ಕಾಯುವಾಗ ಅಂಗಾತ ಮಲಗಿಸಬೇಡಿ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲನ್ನು ಮುಂದಕ್ಕೆ ಮಡಿಸಿ ನೆಲಕ್ಕೆ ಊರಿಸಿ, ಮೇಲಿನ ಕೈಯನ್ನು ಕೆನ್ನೆಯ ಕೆಳಗಿಟ್ಟು ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆಗಿರಲಿ. ವಾಂತಿ ಆದರೆ ಅದು ಹೊರಗೆ ಹರಿಯುತ್ತದೆ. ಕಂಬಳಿ ಹೊದಿಸಿ, ಬಾಯಿಗೆ ಏನೂ ಹಾಕಬೇಡಿ, ಬಿಟ್ಟು ಹೋಗಬೇಡಿ. ಉಸಿರು ನಿಂತರೆ ಎದೆ ಒತ್ತಲು ಶುರುಮಾಡಿ.

ಬಿದ್ದು ತಲೆಗೆ ಪೆಟ್ಟಾದವರು, ಸಕ್ಕರೆ ಇಳಿದ ಮಧುಮೇಹಿಗಳು ಕೂಡ ಕುಡಿದವರ ಹಾಗೇ ತೊದಲುತ್ತಾರೆ. ಬಾಯಿಯಿಂದ ವಾಸನೆ ಬಂದ ಮಾತ್ರಕ್ಕೆ ‘ಕುಡಿದಿದ್ದಾನೆ, ಬೆಳಗ್ಗೆ ಏಳುತ್ತಾನೆ’ ಎಂದು ಬಿಟ್ಟುಬಿಡಬೇಡಿ. ಕಳ್ಳಭಟ್ಟಿ ಕುಡಿದವರಿಗೆ ಮರುದಿನ ಕಣ್ಣು ಮಂಜಾದರೆ, ಹೊಟ್ಟೆನೋವು ಬಂದರೆ ಅದು ಮೆಥನಾಲ್ ವಿಷವಿರಬಹುದು. ಅದಕ್ಕೆ ಆಸ್ಪತ್ರೆಯಲ್ಲಿ ಮದ್ದಿದೆ, ಆದರೆ ತಡವಾದಷ್ಟೂ ದೃಷ್ಟಿ ಉಳಿಯುವ ಸಾಧ್ಯತೆ ಕಡಿಮೆ.